ಕಿರುಪ್ರಬಂಧದ ಮೇಲಿನ ದೂರು: ಸಮಿತಿಯ ತೀರ್ಮಾನ

ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿ
ದಿನಾಂಕ: 14 ಜುಲೈ 2025

ಗೆ,
ಕುಮಾರಿ ಚೈತ್ರಾ,
ದ್ವಿತೀಯ ಎಂ.ಎ., ಸಮಾಜಶಾಸ್ತ್ರ ಅಧ್ಯಯನ ವಿಭಾಗ

ವಿಷಯ: ನಿಮ್ಮ ಕಿರುಪ್ರಬಂಧದ ಮೇಲಿನ ದೂರನ್ನು ಕೈಬಿಟ್ಟಿರುವ ಬಗ್ಗೆ.

ಪ್ರಿಯ ಚೈತ್ರಾ,

ನಿಮ್ಮ ಕಿರುಪ್ರಬಂಧವನ್ನು ಎಐ ಬರೆದಿದೆ ಎಂಬ ದೂರಿನಲ್ಲಿ ಹುರುಳಿಲ್ಲವೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿ, ಅದನ್ನು ಕೈಬಿಟ್ಟಿದೆ. ಬೇರೊಬ್ಬ ಪರೀಕ್ಷಕರು ಹತ್ತು ದಿನಗಳೊಳಗೆ ಮೌಲ್ಯಮಾಪನ ಮುಗಿಸುತ್ತಾರೆ. ತಡೆಹಿಡಿದ ಫಲಿತಾಂಶ ಆ ಕೂಡಲೇ ಪ್ರಕಟವಾಗುತ್ತದೆ.

ದೂರಿಗಿದ್ದ ಆಧಾರ ಪತ್ತೆ ತಂತ್ರಾಂಶ ಕೊಟ್ಟ ಶೇ 78 ಎಂಬ ಅಂಕಿ ಮಾತ್ರ. ಕೃತಿಚೌರ್ಯದ ವರದಿಯಲ್ಲಾದರೆ ಯಾವ ಸಾಲು ಎಲ್ಲಿಂದ ಬಂತೆಂದು ಮೂಲವನ್ನು ತೆರೆದು ಹೋಲಿಸಬಹುದು. ಈ ಅಂಕಿಯ ಹಿಂದೆ ಅಂಥ ಮೂಲವಿಲ್ಲ, ಬರಹದ ಧಾಟಿ ನೋಡಿ ಕಟ್ಟಿದ ಅಂದಾಜಷ್ಟೇ. ಯುಜಿಸಿಯ 2018ರ ನಿಯಮಾವಳಿಯ ಶೇ 10, 40, 60ರ ಹಂತಗಳು ಹೋಲಿಕೆಗೆ ಸಂಬಂಧಿಸಿದವು, ಇಲ್ಲಿಗೆ ಅನ್ವಯಿಸುವುದಿಲ್ಲ. ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರ ಟೋಫೆಲ್ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಿಮ್ಮ ಸರಳ ಇಂಗ್ಲಿಷನ್ನು ತೂಗುವಾಗ ಇದನ್ನು ಮರೆಯುವಂತಿರಲಿಲ್ಲ.

ಆದರೆ ತಂತ್ರಾಂಶ ನೆಚ್ಚುವಂಥದ್ದಲ್ಲ ಎಂಬ ಕಾರಣಕ್ಕಷ್ಟೇ ನಿಮ್ಮನ್ನು ಬಿಟ್ಟೆವೆಂದು ಯಾರೂ ತಿಳಿಯಬಾರದು. ನಿಮ್ಮ ಗೂಗಲ್ ಡಾಕ್ಸ್ ಕಡತದ ಹಳೆಯ ಆವೃತ್ತಿಗಳನ್ನೂ ಕ್ಷೇತ್ರಕಾರ್ಯದ ನೋಟ್‌ಬುಕ್‌ಗಳನ್ನೂ ಪುಟ ಪುಟವಾಗಿ ನೋಡಿದೆವು. ಮಾರ್ಗದರ್ಶಕರ ಟಿಪ್ಪಣಿಯ ನಂತರ ಮೂರನೆಯ ಅಧ್ಯಾಯವನ್ನು ಒಡೆದು ಮತ್ತೆ ಕಟ್ಟಿದ್ದು ಅಲ್ಲಿ ಕಾಣುತ್ತದೆ. ಸಂತೆ ಸುಂಕದ ಹರಾಜು ಹಿಡಿದವರು ರಸೀದಿ ಕೊಡದೆ ದುಡ್ಡು ಕೇಳುತ್ತಾರೆಂದು ಸೊಪ್ಪು ಮಾರುವ ಹೆಂಗಸರು ಹೇಳಿದ್ದನ್ನು ನೀವು ಪೆನ್ಸಿಲ್‌ನಲ್ಲಿ ಅವರದೇ ಮಾತಿನಲ್ಲಿ ಬರೆದಿಟ್ಟಿದ್ದೀರಿ. ನಾಲ್ಕನೆಯ ಅಧ್ಯಾಯದ ವಾದ ನಿಂತಿರುವುದೇ ಅದರ ಮೇಲೆ. ಆ ಪುಟಗಳನ್ನು ಓದಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ವಿಚಾರಣೆಯಲ್ಲಿ ಹೊರ ವಿಭಾಗದ ಸದಸ್ಯರ ಪ್ರಶ್ನೆಗಳಿಗೂ ನೀವು ಹಾಳೆ ನೋಡದೆ ಉತ್ತರಿಸಿದಿರಿ. ವ್ಯಾಕರಣ ತಿದ್ದುವ ತಂತ್ರಾಂಶ ಬಳಸಿದ್ದನ್ನು ನೀವಾಗಿಯೇ ತಿಳಿಸಿದಿರಿ. ವಿಭಾಗದ ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ದೂರು ಕೊಟ್ಟ ಪರೀಕ್ಷಕರಲ್ಲಿ ದುರುದ್ದೇಶ ಕಾಣಲಿಲ್ಲ. ಆದರೂ ಇಂಥ ಅಂಕಿಯೊಂದನ್ನೇ ಆಧಾರ ಮಾಡಿಕೊಂಡು ಮುಂದೆ ಯಾರ ಫಲಿತಾಂಶವನ್ನೂ ತಡೆಹಿಡಿಯಬಾರದೆಂದು ಮೌಲ್ಯಮಾಪನ ಕುಲಸಚಿವರಿಗೆ ಲಿಖಿತವಾಗಿ ಶಿಫಾರಸು ಮಾಡಿದ್ದೇವೆ.

ಈ ದೂರಿನ ಪ್ರಸ್ತಾಪ ನಿಮ್ಮ ಅಂಕಪಟ್ಟಿಯಲ್ಲಾಗಲಿ, ನಡತೆ ಪ್ರಮಾಣಪತ್ರದಲ್ಲಾಗಲಿ ಬರುವುದಿಲ್ಲ. ಪಿಎಚ್‌.ಡಿ. ಪ್ರವೇಶಕ್ಕೆ ಅರ್ಜಿ ಹಾಕಲು ಹಿಂಜರಿಯಬೇಡಿ. ವಿಚಾರಣೆಯ ದಿನ ನಿಮ್ಮ ತಂದೆಯವರು ಸಂಜೆಯವರೆಗೂ ಹೊರಗೆ ಕಾದು ಕುಳಿತಿದ್ದರು. ಈ ತೀರ್ಮಾನವನ್ನು ಇಂದೇ ಅವರಿಗೆ ತಿಳಿಸಿ. ಇಷ್ಟು ದಿನ ನೀವಿಬ್ಬರೂ ಪಟ್ಟ ಸಂಕಟಕ್ಕೆ ನನ್ನ ವಿಷಾದವಿದೆ.

ನಿಮ್ಮ ನೋಟ್‌ಬುಕ್‌ಗಳು ಸಮಿತಿಯ ಕಚೇರಿಯಲ್ಲಿವೆ. ಗುರುತಿನ ಚೀಟಿ ತೋರಿಸಿ, ಕೆಲಸದ ದಿನಗಳಲ್ಲಿ ಮಧ್ಯಾಹ್ನ 3ರಿಂದ 5ರೊಳಗೆ ಪಡೆದುಕೊಳ್ಳಿ.

ನಿಮ್ಮ ವಿಶ್ವಾಸಿ,
(ಸಹಿ)
ಅಧ್ಯಕ್ಷರು, ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿ

ಪ್ರತಿ: ವಿಭಾಗದ ಮುಖ್ಯಸ್ಥರಿಗೆ, ಕುಲಸಚಿವರು, ಮೌಲ್ಯಮಾಪನ ಇವರಿಗೆ.