ದಿನದ ವಿಡಿಯೊ ವಿವರ ನಮೂನೆ

ಪ್ರತಿದಿನ ಈ ಕಡತದ ಹೊಸ ಪ್ರತಿ ತೆಗೆದು, ಹಿಂದಿನ ದಿನದ ಬರಹದ ಜಾಗದಲ್ಲಿ ಆ ದಿನದ ತಿಂಡಿಯ ವಿವರವನ್ನು ಬರೆಯತಕ್ಕದ್ದು. ಇಲ್ಲಿರುವುದು ಜನವರಿ 12ರ ವಿಡಿಯೊದ್ದು.

ಶೀರ್ಷಿಕೆ: ಅವರೆಕಾಳು ಅಕ್ಕಿ ರೊಟ್ಟಿ: ಹರಿಯದಂತೆ ತಟ್ಟುವ ಬಗೆ
ಯೂಟ್ಯೂಬ್ 100 ಅಕ್ಷರಗಳಿಗೆ ಅವಕಾಶ ಕೊಟ್ಟರೂ ಮೊಬೈಲಿನಲ್ಲಿ ಕೊನೆಯ ಭಾಗ ಕಾಣಿಸದಿರುವುದುಂಟು. ಆದ್ದರಿಂದ ತಿಂಡಿಯ ಹೆಸರು ಮೊದಲೇ ಬರಬೇಕು.

ವಿವರಣೆ: ಬೇಯಿಸಿದ ಅವರೆಕಾಳು ಮತ್ತು ಸಬ್ಬಸಿಗೆ ಸೊಪ್ಪನ್ನು ಅಕ್ಕಿ ಹಿಟ್ಟಿಗೆ ಬೆರೆಸಿ, ಬಿಸಿನೀರಿನಲ್ಲಿ ಕಲಸಿ, ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಬೇಯಿಸುವ ಕ್ರಮವನ್ನು ಈ ವಿಡಿಯೊದಲ್ಲಿ ತೋರಿಸಲಾಗಿದೆ. ಹಿಟ್ಟು 2 ಲೋಟ, ಕಾಳು 1 ಲೋಟ.

ಅಧ್ಯಾಯಗಳು:
0:00 ಬೇಕಾಗುವ ಸಾಮಗ್ರಿ
1:10 ಹಿಟ್ಟು ಕಲಸುವುದು
3:45 ತಟ್ಟಿ ಬೇಯಿಸುವುದು
ಮೊದಲನೆಯದು 0:00 ಆಗಿರದಿದ್ದರೆ ಅಥವಾ ಒಟ್ಟು ಮೂರಕ್ಕಿಂತ ಕಡಿಮೆಯಿದ್ದರೆ ಅಧ್ಯಾಯಗಳು ಮೂಡುವುದೇ ಇಲ್ಲ. 0:05 ಎಂದು ಹಾಕಿ ನಾವು ಒಂದು ವಾರ ಪರದಾಡಿದ್ದೇವೆ.

ಹ್ಯಾಶ್‌ಟ್ಯಾಗ್: #ಅಕ್ಕಿರೊಟ್ಟಿ #ಅವರೆಕಾಳು #ಬೆಳಗಿನತಿಂಡಿ
ಮೂರೇ ಸಾಕು.

ಟ್ಯಾಗ್: ಅಕ್ಕಿ ರೊಟ್ಟಿ, ಅವರೆಕಾಳು ರೊಟ್ಟಿ, akki rotti, akki roti
ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರಿಗಾಗಿ ಎರಡೂ ಬಗೆಯ ಕಾಗುಣಿತವನ್ನು ಸೇರಿಸಬೇಕು.

ಪ್ಲೇಲಿಸ್ಟ್: ರೊಟ್ಟಿಗಳು
ವಿಡಿಯೊ ಭಾಷೆ: ಕನ್ನಡ
ಪ್ರಕಟಣೆ: ಬೆಳಿಗ್ಗೆ 6:00
ಕಡತದ ಹೆಸರು: `0112-akki-rotti.mp4`