ಓದಲು ಪುಸ್ತಕ ಸೂಚಿಸುವಂತೆ ಕೋರಿ ಗ್ರಂಥಪಾಲಕರಿಗೆ ಪತ್ರ

ತೀರ್ಥಹಳ್ಳಿ
14 ಜೂನ್ 2024

ಗ್ರಂಥಪಾಲಕರಿಗೆ,
ಸಾರ್ವಜನಿಕ ಗ್ರಂಥಾಲಯ, ತೀರ್ಥಹಳ್ಳಿ

ಮಾನ್ಯರೇ,

ಕಳೆದ ಶನಿವಾರ ನಾನು ಪುಸ್ತಕ ಹಿಂತಿರುಗಿಸಲು ಬಂದಾಗ, "ಟೀಚರ್, ನಿಮಗೆ ಎಂಥ ಪುಸ್ತಕ ಇಷ್ಟ?" ಎಂದು ತಾವು ವಿಶ್ವಾಸದಿಂದ ಕೇಳಿದಿರಿ. ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದುದರಿಂದ, ಏನೋ ಒಂದು ಹೇಳಿ ಬಂದುಬಿಟ್ಟೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿದಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾ, ಒಂದೊಂದು ಗಿಡದ ಮುಂದೆಯೂ ನಿಂತು ಅದರ ಹೆಸರು, ಗುಣ, ಕಥೆಗಳನ್ನು ಬಿಚ್ಚಿಡುವ ಆ ರೀತಿ ನನಗೆ ಅಷ್ಟು ಹತ್ತಿರ. ನಮ್ಮ ಶಾಲೆಯ ಹಿಂದಿನ ಗದ್ದೆಬದುವಿನಲ್ಲಿ ಮಕ್ಕಳು ಮುಟ್ಟಿದರೆ ಮುನಿಯ ಎಲೆಗಳನ್ನು ಒಂದೊಂದಾಗಿ ಮುಟ್ಟಿ, ಅವು ಮತ್ತೆ ಬಿಚ್ಚಿಕೊಳ್ಳುವ ತನಕ ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಆ ಪುಸ್ತಕ ಓದುವಾಗಲೆಲ್ಲ ಕಣ್ಣ ಮುಂದೆ ಬರುತ್ತದೆ. ತೇಜಸ್ವಿಯವರ 'ಕರ್ವಾಲೊ' ಹಿಡಿಸಿದ್ದೂ ಅದರ ಹಾರುವ ಓತಿಯ ಹುಡುಕಾಟಕ್ಕಾಗಿಯೇ.

ಗಿಡಮರಗಳ ಪುಸ್ತಕವೇ ಆಗಬೇಕೆಂದೇನೂ ಇಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ, ಬಾಲವಿಧವೆಯೊಬ್ಬಳ ಸಂಕಟದಷ್ಟೇ ಮಲೆನಾಡಿನ ಆ ದೊಡ್ಡ ಮನೆಯ ದಿನಚರಿಯೂ ನನ್ನನ್ನು ಹಿಡಿದಿಟ್ಟಿತು. ಬರೆದವರಿಗೆ ತಾವು ಯಾವ ಕೆಲಸದ ಬಗ್ಗೆ ಬರೆಯುತ್ತಾರೋ ಆ ಕೆಲಸ ಕೈಯಾರೆ ಗೊತ್ತಿರಬೇಕು ಎಂಬುದೊಂದೇ ನನ್ನ ಅಪೇಕ್ಷೆ. ನೇಯುವವರು, ದೋಣಿ ನಡೆಸುವವರು, ಸೂಲಗಿತ್ತಿಯರು, ಅಡಿಕೆ ಕೊಯ್ಯುವವರು, ಹಳ್ಳಿಯ ವೈದ್ಯರು, ಇಂಥವರ ಆತ್ಮಕಥೆ ಅಥವಾ ಅನುಭವ ಕಥನ ತಮ್ಮ ಕಪಾಟಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಅದರಲ್ಲಿಯೂ ಹೆಂಗಸರು ಬರೆದವುಗಳ ಮೇಲೆ ನನಗೆ ಹೆಚ್ಚು ಆಸೆ, ಏಕೆಂದರೆ ಅಂಥವು ನನ್ನ ಕೈಗೆ ಸಿಕ್ಕಿದ್ದು ತೀರಾ ಕಡಿಮೆ. ಬೇರೆ ಭಾಷೆಗಳಿಂದ ಬಂದ ಅನುವಾದಗಳೂ ಆಗಬಹುದು, ಓದುವಾಗ ಕನ್ನಡ ತೊಡರಬಾರದು ಅಷ್ಟೆ.

ರಾಜಮಹಾರಾಜರ ಕಾದಂಬರಿಗಳು ನನ್ನನ್ನು ಎಂದೂ ಸೆಳೆದಿಲ್ಲ. ಬದುಕುವುದು ಹೇಗೆಂದು ಉಪದೇಶಿಸುವ ಪುಸ್ತಕಗಳೂ ಬೇಡ. ಹೋದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಸಣ್ಣಕ್ಷರದ ಹಳೆಯ ಮುದ್ರಣವಾದರೆ ಹತ್ತು ಪುಟಕ್ಕೇ ಕಣ್ಣು ಸೋಲುತ್ತದೆ. ಒಂದೇ ಕೃತಿಯ ಎರಡು ಮುದ್ರಣಗಳಿದ್ದರೆ ದೊಡ್ಡಕ್ಷರದ್ದನ್ನು ತೆಗೆದಿಡಬೇಕಾಗಿ ವಿನಂತಿ.

ಮಳೆ ಹಿಡಿದರೆ ನಾನು ಹೊರಗೆ ಬರುವುದು ಕಡಿಮೆ, ಓದುವುದು ಹೆಚ್ಚು. ಮುಂದಿನ ಶನಿವಾರ ಬೆಳಿಗ್ಗೆ ಬರುತ್ತೇನೆ. ತಮಗೆ ತೋಚಿದ ಎರಡು ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೂ ಸಾಕು, ಕಪಾಟಿನಲ್ಲಿ ನಾನೇ ಹುಡುಕಿಕೊಳ್ಳುತ್ತೇನೆ. ತಾವೇ ಓದಿ ಮೆಚ್ಚಿದ ಪುಸ್ತಕವಿದ್ದರೆ ಅದರ ಹೆಸರು ಮೊದಲಿರಲಿ.

ಇಂತಿ ತಮ್ಮ ವಿಶ್ವಾಸಿ,
ಶಾರದಮ್ಮ
ನಿವೃತ್ತ ವಿಜ್ಞಾನ ಶಿಕ್ಷಕಿ