ಕವಿದ ಮುಗಿಲು: ಮೂಡ್ ಬೋರ್ಡ್ ವಿವರಣೆ

ಒಟ್ಟು 14 ಲುಕ್, 26 ಉಡುಪು. ಪ್ಯಾಟರ್ನ್, ಡೈಯಿಂಗ್, ಹೊಲಿಗೆ ಮೂರೂ ತಂಡಗಳು ಕೆಲಸ ಶುರುಮಾಡುವ ಮೊದಲು ಇದನ್ನು ಬೋರ್ಡ್‌ನ ಎದುರು ನಿಂತು ಓದಬೇಕು, ಸ್ವಾಚ್‌ಗಳನ್ನು ಕೈಯಲ್ಲಿ ಮುಟ್ಟುತ್ತ.

ಬೋರ್ಡ್ ಮೇಲಿರುವುದು ಮಳೆಗಾಲದ ಒಂದೇ ದಿನದ ಆಕಾಶ. ಮಧ್ಯಾಹ್ನ ಮೋಡ ಕಟ್ಟುವಲ್ಲಿಂದ ಹಿಡಿದು, ಮಳೆ ನಿಂತು ಹೊಳವಾಗುವ ಹೊತ್ತಿನವರೆಗೆ. ಹನಿ, ಕೊಡೆ, ನವಿಲು, ಕಾಗದದ ದೋಣಿ ಯಾವುದೂ ಪ್ರಿಂಟ್‌ನಲ್ಲಾಗಲಿ ಕಸೂತಿಯಲ್ಲಾಗಲಿ ಬರುವುದಿಲ್ಲ. ನಮಗೆ ಬೇಕಾದದ್ದು ಮೋಡದೊಳಗೆ ಸಿಕ್ಕಿಕೊಂಡ ಬೆಳಕು.

ಇಡೀ ಕಲೆಕ್ಷನ್ ನಿಂತಿರುವುದು ಮೋಡದ ಒಂದು ಗುಣದ ಮೇಲೆ. ಮೋಡ ಕಪ್ಪಾಗಿ ಕಾಣುವುದು ಅದರಲ್ಲಿ ಕಪ್ಪು ಬಣ್ಣವಿದೆ ಎಂದಲ್ಲ. ಅದು ದಪ್ಪವಾದಷ್ಟೂ ಮೇಲಿನ ಬಿಸಿಲು ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ, ಅಷ್ಟೆ. ತೆಳುವಾದ ಅಂಚಿನಲ್ಲಿ ಅದೇ ಮೋಡ ಬೆಳ್ಳಗೆ ಹೊಳೆಯುತ್ತದೆ. ಬಟ್ಟೆಯಲ್ಲೂ ಹಾಗೆಯೇ ಮಾಡೋಣ: ಕಪ್ಪನ್ನು ಬಣ್ಣದ ತೊಟ್ಟಿಯಿಂದ ತರದೆ ಪದರಗಳಿಂದ ತರೋಣ. ಪ್ರತಿ ಉಡುಪಿನ ಅತಿ ಗಾಢ ಜಾಗ ಎಂದರೆ ಅತಿ ಹೆಚ್ಚು ಪದರಗಳಿರುವ ಜಾಗ. ಅಂಚಿಗೆ ಬರುವಾಗ ಒಂದೇ ಪದರ ಉಳಿಯಬೇಕು.

ಪ್ಯಾಲೆಟ್

ಶೇಕಡಾವಾರು ಲೆಕ್ಕ ಇಡೀ ಕಲೆಕ್ಷನ್‌ನಲ್ಲಿ ಕಣ್ಣಿಗೆ ಕಾಣುವ ಬಟ್ಟೆಯದ್ದು, ಒಂದೊಂದು ಉಡುಪಿನದ್ದಲ್ಲ.

- ಕಾರ್ಮೋಡ, #3B434D, ಶೇ. 25
- ಬೂದಿಮುಗಿಲು, #8C949B, ಶೇ. 30
- ಮಂಜುಬಿಳಿ, #D9DCDA, ಶೇ. 20
- ತೊಳೆದ ನೀಲಿ, #6F9BB8, ಶೇ. 12
- ಹಸಿರುಗಪ್ಪು, #4C5B55, ಶೇ. 8
- ಹೂಬಿಸಿಲು, #E3B95B, ಶೇ. 3
- ಮಿಂಚು, #F1EEF6, ಶೇ. 2

ಸ್ಕ್ರೀನ್ ಮೇಲಿನ ಈ ಕೋಡ್‌ಗಳು ಮಾತುಕತೆಗೆ ಮಾತ್ರ. ಡೈಯಿಂಗ್‌ಗೆ ಅಳತೆಗೋಲು ಬೋರ್ಡ್ ಮೇಲಿನ ಬಟ್ಟೆಯ ತುಂಡೇ.

ಬೂದಿಮುಗಿಲು ಈ ಪ್ಯಾಲೆಟ್‌ನ ಬೆನ್ನೆಲುಬು. ಕಪ್ಪು ಡೈಯನ್ನು ತೆಳುಮಾಡಿ ಇದನ್ನು ತೆಗೆಯಬೇಡಿ. ಕಪ್ಪು ಡೈ ಹೆಚ್ಚಾಗಿ ಹಲವು ಬಣ್ಣಗಳ ಮಿಶ್ರಣ. ನೀರಾಗಿಸಿದಾಗ ಒಂದೊಂದು ಅಂಶ ಒಂದೊಂದು ವೇಗದಲ್ಲಿ ನೂಲಿಗೆ ಹತ್ತಿ ನೇರಳೆಯೋ ಹಸಿರೋ ಛಾಯೆ ಬಿಟ್ಟುಬಿಡುತ್ತದೆ. ಹತ್ತಿಯ ಮಲ್ಮಲ್‌ಗೆ ನಮ್ಮ ದಾರಿ ಬೇರೆ. ಚೆನ್ನಾಗಿ ಒಗೆದು ಗಂಜಿ ತೆಗೆದ ಬಟ್ಟೆಗೆ ಮೊದಲು ನೀಲಿ ತೊಟ್ಟಿಯಲ್ಲಿ ಎರಡು ತೆಳು ಮುಳುಗು. ತೊಟ್ಟಿಯಿಂದ ತೆಗೆದಾಗ ಹಳದಿ-ಹಸಿರಾಗಿ ಕಾಣುವ ಬಟ್ಟೆ ಗಾಳಿ ತಾಗಿ ಪೂರ್ತಿ ನೀಲಿಗೆ ತಿರುಗುವವರೆಗೆ ಎರಡನೇ ಮುಳುಗಿಗೆ ಹೋಗಬೇಡಿ. ಒಗೆದು, ಬಟ್ಟೆಯ ಒಣತೂಕದ ಶೇ. 15ರಷ್ಟು ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ. ಕೊನೆಗೆ ಶೇ. 2ರಷ್ಟು ಅನ್ನಭೇದಿ ಕರಗಿಸಿದ ನೀರು, 10ರಿಂದ 15 ನಿಮಿಷ. ಬಟ್ಟೆ ಸಡಿಲವಾಗಿ ಈಜಾಡುವಷ್ಟು ದೊಡ್ಡ ಪಾತ್ರೆ ಬೇಕು, ಕೈಯಾಡಿಸುತ್ತಲೇ ಇರಬೇಕು. ಒಂದು ಮಡಿಕೆ ನೀರಿನಿಂದ ಮೇಲೆ ತೇಲಿ ನಿಂತರೂ ಅಲ್ಲಿ ಕಲೆ ಕೂರುತ್ತದೆ, ಆಮೇಲೆ ಹೋಗುವುದಿಲ್ಲ. ಬಣ್ಣ ಸಾಲದು ಎಂದು ಅನ್ನಭೇದಿಯನ್ನು ಹೆಚ್ಚಿಸುವ ಆಸೆ ಬರುತ್ತದೆ. ಬೇಡ. ಕಬ್ಬಿಣ ಜಾಸ್ತಿಯಾದರೆ ಹತ್ತಿಯ ನೂಲು ದಿನಕಳೆದಂತೆ ಬಲ ಕಳೆದುಕೊಂಡು ಹರಿಯುತ್ತದೆ. ಇಷ್ಟು ತೆಳು ಬಟ್ಟೆಯಲ್ಲಿ ಇನ್ನೂ ಬೇಗ. ಗಾಢತೆ ಬೇಕಾದರೆ ನೀಲಿಯ ಮುಳುಗನ್ನು ಒಂದು ಹೆಚ್ಚಿಸಿ.

ಹಸಿರುಗಪ್ಪು ಇದೇ ದಾರಿಯ ಅಕ್ಕಪಕ್ಕದಲ್ಲಿ ಸಿಗುತ್ತದೆ. ಅಳಲೆಕಾಯಿಯ ಮಾಸಲು ಹಳದಿ ನೀಲಿಯ ಮೇಲೆ ಕೂತಾಗ ಬಟ್ಟೆ ಹಸಿರಿಗೆ ವಾಲುತ್ತದೆ. ನೀಲಿಯನ್ನು ನಾಲ್ಕು ಮುಳುಗಿಗೆ ಏರಿಸಿ ಅನ್ನಭೇದಿಯನ್ನು ಶೇ. 1ಕ್ಕೆ ಇಳಿಸಿದರೆ, ದೊಡ್ಡ ಮಳೆಗೆ ಮುಂಚೆ ಮೋಡದ ಹೊಟ್ಟೆಯಲ್ಲಿ ಒಮ್ಮೊಮ್ಮೆ ಕಾಣುವ ಆ ಅಂಜಿಸುವ ಹಸಿರು ಬರುತ್ತದೆ. ಪ್ಯಾಲೆಟ್‌ನಲ್ಲಿ ಅತ್ಯಂತ ಚೆಂದದ ಬಣ್ಣ ಇದು, ಅದಕ್ಕಾಗಿಯೇ ಶೇ. 8ಕ್ಕೆ ನಿಲ್ಲಿಸಿದ್ದೇವೆ.

ತೊಳೆದ ನೀಲಿ ಮಳೆ ನಿಂತ ಮೇಲಿನದು, ಗಾಳಿಯ ದೂಳೆಲ್ಲ ನೆಲ ಸೇರಿದ ಮೇಲಿನ ಆಕಾಶ. ಇದರಲ್ಲಿ ಬೂದು ಬೆರೆಯಕೂಡದು. ಕೊನೆಯ ಮೂರು ಲುಕ್‌ಗಳಿಗೆ ಮಾತ್ರ.

ಹೂಬಿಸಿಲು ಒಳಗಿನ ಬಣ್ಣ. ತೋಳಿನ ಮಡಿಕೆಯ ಒಳಗೆ, ಪಕ್ಕದ ಸೀಳಿನ ಒಳಪಟ್ಟಿಯಲ್ಲಿ, 3 ಸೆಂ.ಮೀ. ಅಗಲ ಮೀರದಂತೆ. ನಡೆಯುವಾಗ, ಕೈ ಎತ್ತಿದಾಗ ಒಂದು ಕ್ಷಣ ಕಂಡು ಮರೆಯಾಗಬೇಕು. ಮೇಲ್ಮೈಗೆ ತಂದರೆ ಸುತ್ತಲಿನ ಬೂದು ಕೊಳಕಾಗಿ ಕಾಣುತ್ತದೆ. ಮಿಂಚು ಬೆಳ್ಳಿಬಿಳಿ ರೇಷ್ಮೆ ದಾರದ ಒಂದೇ ಒಂದು ಕೈಹೊಲಿಗೆಯ ಗೆರೆ, ಕಾರ್ಮೋಡದ ಬಟ್ಟೆಯ ಮೇಲೆ. ಉಳಿದ ಪಾಲು ಅದೇ ಬಣ್ಣದ ಅಂಚುಪಟ್ಟಿಗೆ. ಸೀಕ್ವಿನ್ ಬೇಡ.

ಬೂದು ಬಣ್ಣಗಳನ್ನು ಹೊಂದಿಸುವಾಗ ಹಗಲುಬೆಳಕಿನ D65 ದೀಪದಡಿ ಒಮ್ಮೆ, ಅಂಗಡಿಯ ಹಳದಿ ದೀಪದಡಿ ಒಮ್ಮೆ ನೋಡಿ ಒಪ್ಪಿಗೆ ಕೊಡಿ. ಒಂದು ಬೆಳಕಿನಲ್ಲಿ ಒಂದೇ ಎನಿಸಿದ ಎರಡು ಬೂದುಗಳು ಇನ್ನೊಂದರಲ್ಲಿ ಒಂದು ಕೆಂಪಗೆ, ಒಂದು ಹಸಿರಾಗಿ ಬೇರೆಯಾಗಿಬಿಡುತ್ತವೆ. ಹತ್ತಿಗೂ ರೇಷ್ಮೆಗೂ ಬೇರೆ ಡೈ ಬಳಸುತ್ತಿರುವುದರಿಂದ ಈ ಅಪಾಯ ಇಲ್ಲಿ ಹೆಚ್ಚು.

ಟೆಕ್ಸ್ಚರ್

ಬೋರ್ಡ್‌ನ ನಡುವೆ ಮೂರು ಮಲ್ಮಲ್ ತುಂಡುಗಳನ್ನು ಒಂದರ ಮೇಲೊಂದು, ಮೇಲಂಚಿಗೆ ಮಾತ್ರ ಪಿನ್ ಹಾಕಿ ಇಟ್ಟಿದೆ. ಮೂರೂ ಒಂದೇ ತೊಟ್ಟಿಯ ಬೂದಿಮುಗಿಲು, 60 ಜಿಎಸ್‌ಎಂ, ಅಡಿಯಲ್ಲಿ ಮಂಜುಬಿಳಿ ಲೈನಿಂಗ್. ಒಂದು ಪದರ ಎತ್ತಿ ನೋಡಿ, ಇನ್ನೊಂದು ಎತ್ತಿ. ಮೂರು ಪದರದಲ್ಲಿ ಅದು ಕಾರ್ಮೋಡಕ್ಕೆ ಹತ್ತಿರ ಹೋಗುತ್ತದೆ, ಆದರೆ ಮಂಕಾಗುವುದಿಲ್ಲ. ಬೆಳಕು ಪದರಗಳನ್ನು ದಾಟಿ ಬಿಳಿಗೆ ತಾಗಿ ಮರಳಿ ಬರುತ್ತಿರುತ್ತದೆ. ಪಕ್ಕದ ತುಂಡಿನಲ್ಲಿ ಅದೇ ಮೂರು ಪದರ, ಅಡಿಗೆ ಕಪ್ಪು ಲೈನಿಂಗ್. ಅಲ್ಲಿ ಬೆಳಕು ಮರಳುವುದಿಲ್ಲ, ಮೇಲಿನ ಮಲ್ಮಲ್ ದೂಳು ಹಿಡಿದಂತೆ ಕಾಣುತ್ತದೆ. ಆದ್ದರಿಂದ ತೆಳು ಬಟ್ಟೆಯ ಯಾವ ಉಡುಪಿಗೂ ಗಾಢ ಲೈನಿಂಗ್ ಇಲ್ಲ.

ಇದರ ಜತೆಗೇ ಬರುವ ತೊಂದರೆ ಒಂದಿದೆ. ನೀಲಿ ಹಾಕಿದ ಬಟ್ಟೆ ಬಿಳಿ ಲೈನಿಂಗ್‌ಗೆ ಬಣ್ಣ ಹತ್ತಿಸುತ್ತದೆ, ಒದ್ದೆಯಾದಾಗ ಇನ್ನೂ ಜೋರಾಗಿ. ಪ್ರತಿ ತೊಟ್ಟಿಯ ಬಟ್ಟೆಯನ್ನೂ ಒದ್ದೆ ಬಿಳಿ ಹತ್ತಿಬಟ್ಟೆಯಿಂದ ಉಜ್ಜಿ ಗ್ರೇ ಸ್ಕೇಲ್‌ನಲ್ಲಿ ನೋಡಿ. 3ಕ್ಕಿಂತ ಕೆಳಗೆ ಬಂದದ್ದು ಮತ್ತೆ ಸೋಪಿನ ಬಿಸಿನೀರಿಗೆ ಹೋಗಬೇಕು.

ಎರಡನೆಯದು ರೇಷ್ಮೆ ಆರ್ಗಾಂಜಾ, 35ರಿಂದ 40 ಜಿಎಸ್‌ಎಂ. ಇದರ ಎರಡು ಪದರಗಳನ್ನು ನೂಲಿನ ದಿಕ್ಕು 3ರಿಂದ 5 ಡಿಗ್ರಿ ಓರೆಯಾಗುವಂತೆ ಕೂಡಿಸಿದರೆ ಮೇಲೆ ಅಗಲವಾದ ಅಲೆಗಳು ಮೂಡುತ್ತವೆ. ಉಟ್ಟವರು ಹೆಜ್ಜೆ ಇಟ್ಟಾಗ ಅಲೆಗಳೂ ಜರುಗುತ್ತವೆ, ಗಾಳಿಗೆ ಮೋಡ ಓಡಿದ ಹಾಗೆ. ಇದು ಪ್ರಿಂಟ್‌ನಿಂದ ಸಿಗುವ ಚಲನೆಯಲ್ಲ. ಓರೆ ಹೆಚ್ಚಾದಷ್ಟೂ ಅಲೆ ಕಿರಿದಾಗಿ ಕೊನೆಗೆ ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಕತ್ತರಿಸುವ ಮೇಜಿನ ಮೇಲೆ ಕೋನಮಾಪಕ ಇಟ್ಟುಕೊಳ್ಳಿ. ಅಲೆ ಬೇಕಿರುವುದು ನಾಲ್ಕು ಉಡುಪುಗಳ ಬೆನ್ನಿಗೆ ಮಾತ್ರ.

ಮೂರನೆಯದು ದೂರದ ಮಳೆಯ ತೆರೆ: ಮೋಡದ ತಳದಿಂದ ನೆಲಕ್ಕೆ ಇಳಿಬಿದ್ದ ಓರೆ ಗೆರೆಗಳು. ಜಪಾನಿನ ಅರಾಶಿ ಶಿಬೊರಿ ಇದಕ್ಕೆ ತಕ್ಕ ತಂತ್ರ. ಅರಾಶಿ ಎಂದರೆ ಬಿರುಗಾಳಿ. 10 ಸೆಂ.ಮೀ. ವ್ಯಾಸದ ಕೊಳವೆಗೆ ಬಟ್ಟೆಯನ್ನು ಓರೆಯಾಗಿ ಸುತ್ತಿ, ಮೇಲೆ 8 ಮಿ.ಮೀ.ಗೊಂದರಂತೆ ದಾರ ಬಿಗಿದು, ಒಂದು ತುದಿಗೆ ಒತ್ತಿ ನೆರಿಗೆಗಟ್ಟಿಸಿ ಬಣ್ಣಕ್ಕೆ ಇಳಿಸುವುದು. ಗೆರೆಗಳು ಸೊಂಟದ ಕೆಳಗೆ ಮಾತ್ರ ಬರಲಿ, ಅಂಚಿಗೆ ಬರುತ್ತ ಕರಗಲಿ. ದಾರದ ಬಿಗಿ ಕೊಳವೆಯುದ್ದಕ್ಕೂ ಒಂದೇ ಇದ್ದರೆ ಪಟ್ಟೆ ಬಟ್ಟೆಯಂತೆ ಕಾಣುತ್ತದೆ; ಒಂದು ತುದಿಯಿಂದ ಇನ್ನೊಂದಕ್ಕೆ ಕ್ರಮೇಣ ಸಡಿಲಿಸುತ್ತ ಹೋಗಿ.

ಉಳಿದಂತೆ, ಕೋಟು ಪ್ಯಾಂಟುಗಳಿಗೆ ಗಂಟುನೂಲಿನ ಲಿನನ್-ಹತ್ತಿ, 170 ಜಿಎಸ್‌ಎಂ, ನೇರ ಕಾರ್ಮೋಡ ಡೈ. ಕಲೆಕ್ಷನ್‌ನಲ್ಲಿ ಪದರವಿಲ್ಲದೆ ಕಪ್ಪಾದ ಬಟ್ಟೆ ಇದೊಂದೇ, ಗಂಟುನೂಲಿನ ಉಬ್ಬುತಗ್ಗು ಪದರದ ಕೆಲಸ ಮಾಡುತ್ತದೆ. ಇಳಿಬೀಳುವ ಉಡುಪುಗಳಿಗೆ 16 ಮೊಮ್ಮಿಯ, ಅಂದರೆ ಸುಮಾರು 70 ಜಿಎಸ್‌ಎಂನ ರೇಷ್ಮೆ ಕ್ರೇಪ್. ನೀರಿನ ಹನಿ ಬಿದ್ದರೆ ಕೆಲವು ರೇಷ್ಮೆಗಳಲ್ಲಿ ಕಲೆ ಉಳಿಯುತ್ತದೆ. ಮಳೆಗಾಲದ ಉಡುಪಿನಲ್ಲಿ ಅದನ್ನು ಒಪ್ಪಲಾಗದು, ಥಾನು ಖರೀದಿಸುವ ಮೊದಲೇ ಹನಿ ಹಾಕಿ ಒಣಗಿಸಿ ನೋಡಿ.

ಸಿಲೂಯೆಟ್

ಮೂರು ಆಕಾರ.

ಗೋಪುರ, 5 ಲುಕ್. ಮಳೆಮೋಡ ಮೇಲೆ ಉಬ್ಬುತ್ತ ಹೋದರೂ ತಳ ಮಾತ್ರ ಚಾಕುವಿನಿಂದ ಕೊಯ್ದಂತೆ ಸಪಾಟಾಗಿರುತ್ತದೆ, ಏಕೆಂದರೆ ಮೇಲೇರುವ ಗಾಳಿಯ ಆವಿ ಹನಿಗಟ್ಟಲು ಶುರುವಾಗುವುದು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ. ಉಬ್ಬು ಭುಜ ಮತ್ತು ಬೆನ್ನಿನಲ್ಲಿರಲಿ: ಬೆನ್ನಿನ ನಡುವೆ 18 ಸೆಂ.ಮೀ. ಹೆಚ್ಚುವರಿ ಅಗಲ, ಭುಜದ ಹೊಲಿಗೆ 6 ಸೆಂ.ಮೀ. ಇಳಿದದ್ದು, ತೋಳು ಮುಂಗೈಗಿಂತ 8 ಸೆಂ.ಮೀ. ಮೇಲೆ ನಿಂತದ್ದು. ಕೆಳಗೆ ಬರುತ್ತ ಕಿರಿದಾಗಿ, ಅಂಚು ನೇರಗೆರೆಯಲ್ಲಿ ಮುಗಿಯಬೇಕು. ಬಾಗಿದ ಅಂಚು, ಹಿಂದುಮುಂದಾದ ಅಂಚು ಬೇಡ. ಸಮಮಟ್ಟ ಸಿಗಬೇಕಾದರೆ ಉಡುಪನ್ನು ಮೈಮೇಲೆ ಹಾಕಿಸಿ ನೆಲದಿಂದ ಅಳೆಯಿರಿ. ಸೊಂಟದಿಂದ ಅಳೆದರೆ ಬೆನ್ನಿನ ಉಬ್ಬು ಅಂಚನ್ನು ಮೇಲೆ ಎಳೆದಿರುತ್ತದೆ. ಮಲ್ಮಲ್‌ನಲ್ಲಿ ಈ ಉಬ್ಬು ತಾನಾಗಿ ನಿಲ್ಲುವುದಿಲ್ಲ, ಎರಡು ಗಂಟೆ ಉಟ್ಟರೆ ಜೋತುಬೀಳುತ್ತದೆ. ಭುಜದಿಂದ 22 ಸೆಂ.ಮೀ. ಕೆಳಗಿನವರೆಗೆ ಒಳಗಿನಿಂದ ಆರ್ಗಾಂಜಾ ಆಧಾರ ಕೊಡಿ. ಅಂಟಿಸುವ ಇಂಟರ್‌ಫೇಸಿಂಗ್ ಬೇಡ, ಅದು ಬೆಳಕನ್ನು ತಡೆಯುತ್ತದೆ.

ಹಾಸು, 6 ಲುಕ್. ದಿಗಂತದಿಂದ ದಿಗಂತಕ್ಕೆ ಕವಿದ, ಅಂಚೇ ಇಲ್ಲದ ಮೋಡ. ಉದ್ದನೆಯ ನೇರ ಟ್ಯೂನಿಕ್, ಅಗಲ ಪ್ಯಾಂಟು, ಸೊಂಟದ ಗುರುತಿಲ್ಲ. ಒಂದೇ ಲುಕ್‌ನ ಮೇಲಿನ ಮತ್ತು ಕೆಳಗಿನ ಉಡುಪಿನ ಬಣ್ಣದ ಅಂತರ ಕಷ್ಟಪಟ್ಟು ಕಾಣುವಷ್ಟಿರಲಿ. ಗುಂಡಿ ಮರೆಪಟ್ಟಿಯ ಒಳಗೆ. ತೆಳು ಬಟ್ಟೆಯ ಹೊಲಿಗೆಗಳೆಲ್ಲ ಫ್ರೆಂಚ್ ಸೀಮ್, ಮುಗಿದ ಅಗಲ 5 ಮಿ.ಮೀ.; ಅಗಲವಾದರೆ ಬಿಸಿಲಿಗೆ ಹಿಡಿದಾಗ ಕಪ್ಪು ಪಟ್ಟಿಯಾಗಿ ಎದ್ದು ಕಾಣುತ್ತದೆ.

ತೆರೆ, 3 ಲುಕ್. ಬಯಾಸ್‌ನಲ್ಲಿ ಕತ್ತರಿಸಿದ ಕ್ರೇಪ್ ಉಡುಪು, ಮೇಲೆ ತೊಳೆದ ನೀಲಿಯ ಆರ್ಗಾಂಜಾ ಕೇಪ್. ಕತ್ತರಿಸಿ ಭುಜ ಜೋಡಿಸಿದ ಮೇಲೆ 48 ಗಂಟೆ ತೂಗುಹಾಕಿ, ಆಮೇಲೆ ಅಂಚು ಸಮ ಮಾಡಿ ಸುತ್ತುಹೊಲಿಗೆ ಹಾಕಿ. ಬಯಾಸ್ ಬಟ್ಟೆ ತನ್ನ ತೂಕಕ್ಕೇ ಇಳಿಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಲ್ಲ. ಈ ಕಾಯುವಿಕೆಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದಿಡಿ.

ಸ್ಯಾಂಪಲ್ ಹೊಲಿಯುವ ಕ್ರಮ: ಮೊದಲು ಗೋಪುರದ ಮಲ್ಮಲ್ ಮೇಲಂಗಿ, ಮೂರು ಪದರದ್ದು. ಅದನ್ನು ಕಿಟಕಿಯ ಎದುರು ಬೆಳಕಿಗೆ ಹಿಡಿದಾಗ ಭುಜ ಕಪ್ಪಾಗಿ, ಅಂಚು ಬೆಳ್ಳಗೆ ಕಂಡರೆ ಉಳಿದ ಥಾನುಗಳು ತೊಟ್ಟಿಗೆ ಇಳಿಯಬಹುದು.